ಅಪೆಂಡಿಕ್ಸ್ ಸ್ಕ್ಯಾನ್: ಮಿಲಿಮೀಟರ್ ನಂಬೋದಾ, ಒತ್ತಿ ನೋಡಿದ್ದನ್ನಾ, ಸುತ್ತಲಿನ ಕೊಬ್ಬನ್ನಾ?

ಹೊಟ್ಟೆಯ ಬಲಭಾಗದ ಕೆಳಗೆ ನೋವು ಅಂತ ಬಂದವರಿಗೆ ಅಲ್ಟ್ರಾಸೌಂಡ್ ಮಾಡಿದಾಗ ಎರಡು ಬಗೆಯ ರಿಪೋರ್ಟ್ ಯಾರಿಗೂ ತಲೆನೋವು ಕೊಡುವುದಿಲ್ಲ. ಅಪೆಂಡಿಕ್ಸ್ 4 ಮಿ.ಮೀ. ಇದೆ, ಒತ್ತಿದರೆ ಚಪ್ಪಟೆಯಾಗುತ್ತದೆ, ತುದಿವರೆಗೂ ಕಂಡಿದೆ ಅಂದರೆ ನೋವಿಗೆ ಬೇರೆ ಕಾರಣ ಹುಡುಕಬೇಕು. 11 ಮಿ.ಮೀ. ಊದಿದೆ, ಎಷ್ಟು ಒತ್ತಿದರೂ ಮಣಿಯುವುದಿಲ್ಲ, ಒಳಗೆ ಕಲ್ಲಿದೆ ಅಂದರೆ ಸರ್ಜನ್‌ಗೆ ಫೋನ್ ಮಾಡಬೇಕು. ಕಷ್ಟ ಇರುವುದು ಇವೆರಡರ ನಡುವೆ. ಅಪೆಂಡಿಕ್ಸ್ 6ರಿಂದ 8 ಮಿ.ಮೀ. ಒಳಗೆ ಎಲ್ಲೋ ನಿಂತಿರುತ್ತದೆ. ಒಂದು ಚಿಹ್ನೆ ಹೌದು ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ.

ಈ ಬರಹ ಆ ನಡುವಿನ ಜಾಗದ ಬಗ್ಗೆ. ಸ್ಕ್ಯಾನ್ ಕಲಿಯುತ್ತಿರುವವರಿಗೆ, ರಾತ್ರಿ ಡ್ಯೂಟಿಯಲ್ಲಿ ರಿಪೋರ್ಟ್ ಕೈಯಲ್ಲಿ ಹಿಡಿದು ಮುಂದೇನು ಅಂತ ಯೋಚಿಸುವ ಡಾಕ್ಟರ್‌ಗಳಿಗೆ ಇದು ಉಪಯೋಗಕ್ಕೆ ಬರಬೇಕು. ಮನೆಯವರ ರಿಪೋರ್ಟ್ ಓದಿ ಅರ್ಥ ಮಾಡಿಕೊಳ್ಳಬೇಕು ಅನ್ನುವವರೂ ಓದಬಹುದು. ಆದರೆ ಇದನ್ನು ಓದಿಕೊಂಡು ಮನೆಯಲ್ಲೇ ನಿರ್ಧಾರ ಮಾಡಬೇಡಿ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಚಿಹ್ನೆಗಳು ಒಂದಕ್ಕೊಂದು ಒಪ್ಪದಿದ್ದಾಗ ಮೊದಲು ಸುತ್ತಲಿನ ಕೊಬ್ಬನ್ನು ನೋಡಿ. ಆಮೇಲೆ ಒತ್ತಿದಾಗ ಮಣಿಯಿತಾ ಇಲ್ಲವಾ ನೋಡಿ. ಮಿಲಿಮೀಟರ್ ಲೆಕ್ಕ ಕೊನೆಗೆ. ಎಷ್ಟೋ ಕಡೆ ಇದು ತಿರುವುಮುರುವಾಗಿ ನಡೆಯುತ್ತದೆ. ಅಳತೆ ಬರೆಯುವುದು ಸುಲಭ, ಕೊಬ್ಬಿನ ಬಗ್ಗೆ ಹೇಳಬೇಕಾದರೆ ನಿಂತು ನೋಡಬೇಕು.

ಒತ್ತುವುದು ಅಂದರೆ ಹೇಗೆ, ಎಷ್ಟು

1986ರಲ್ಲಿ ನೆದರ್‌ಲ್ಯಾಂಡ್ಸ್‌ನ ರೇಡಿಯಾಲಜಿಸ್ಟ್ ಪಾಯ್ಲಾರ್ಟ್ ಈ ವಿಧಾನವನ್ನು ಪ್ರಕಟಿಸಿದರು. ಪ್ರೋಬಿನಿಂದ ಹೊಟ್ಟೆಯನ್ನು ನಿಧಾನವಾಗಿ, ಹಂತ ಹಂತವಾಗಿ ಒತ್ತುತ್ತಾ ಹೋಗುವುದು. ಇದರಿಂದ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಕರುಳಿನ ಗ್ಯಾಸು ಪಕ್ಕಕ್ಕೆ ಸರಿಯುತ್ತದೆ. ಪ್ರೋಬಿಗೂ ಅಪೆಂಡಿಕ್ಸಿಗೂ ನಡುವಿನ ದೂರ ಕಡಿಮೆಯಾಗಿ ಚಿತ್ರ ಸ್ಪಷ್ಟವಾಗುತ್ತದೆ. ಜೊತೆಗೆ ಯಾವುದು ಮಣಿಯುತ್ತದೆ, ಯಾವುದು ಮಣಿಯುವುದಿಲ್ಲ ಅನ್ನುವುದು ಕಣ್ಣೆದುರೇ ಗೊತ್ತಾಗುತ್ತದೆ.

ಸ್ಕ್ಯಾನ್ ಶುರು ಮಾಡುವ ಮೊದಲು ರೋಗಿಗೆ ಒಂದು ಮಾತು ಕೇಳಿ: "ಒಂದೇ ಬೆರಳಲ್ಲಿ ತೋರಿಸಿ, ಎಲ್ಲಿ ಜಾಸ್ತಿ ನೋವು?" ಅವರು ಬೆರಳಿಟ್ಟ ಜಾಗದಲ್ಲೇ ಪ್ರೋಬ್ ಇಡಿ. ಅಪೆಂಡಿಕ್ಸ್ ಊದಿದ್ದರೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಕ್ರಮವಾಗಿ ಹುಡುಕಬೇಕು. ಪ್ರೋಬನ್ನು ಅಡ್ಡಡ್ಡ ಇಟ್ಟು ಬಲಗಡೆಯ ದೊಡ್ಡ ಕರುಳನ್ನು ಹಿಡಿದುಕೊಂಡು ಕೆಳಗೆ ಬಂದರೆ ಅದು ಶುರುವಾಗುವ ಚೀಲ, ಅಂದರೆ ಸೀಕಂ ಸಿಗುತ್ತದೆ. ಸಣ್ಣ ಕರುಳು ಬಂದು ಸೇರುವ ಜಾಗವನ್ನು ಗುರುತು ಹಿಡಿಯಿರಿ. ಅಲ್ಲಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ, ಸೀಕಂನ ಒಳಬದಿಯಿಂದ ಅಪೆಂಡಿಕ್ಸ್ ಹೊರಡುತ್ತದೆ. ಸಾಮಾನ್ಯವಾಗಿ ಲೀನಿಯರ್ ಪ್ರೋಬ್ ಸಾಕು. ಹೊಟ್ಟೆ ದಪ್ಪ ಇದ್ದವರಿಗೆ ಆಳ ಸಾಲದಿದ್ದರೆ ಕಾನ್ವೆಕ್ಸ್ ಪ್ರೋಬ್ ತೆಗೆದುಕೊಳ್ಳಬೇಕು.

ಈಗ ಮುಖ್ಯ ಪ್ರಶ್ನೆ. ಸಾಕಷ್ಟು ಒತ್ತಿದ್ದೇವೆ ಅಂತ ಹೇಗೆ ಗೊತ್ತಾಗುತ್ತದೆ? ಪರದೆಯ ಕೆಳಭಾಗ ನೋಡಿ. ಹಿಂದುಗಡೆ ಸೋಯಾಸ್ ಸ್ನಾಯು ಕಾಣಬೇಕು, ಪಕ್ಕದಲ್ಲಿ ಮಿಡಿಯುವ ಇಲಿಯಾಕ್ ಅಪಧಮನಿ ಕಾಣಬೇಕು. ಹೊಟ್ಟೆಯ ಮುಂಗೋಡೆ ಅವುಗಳ ಹತ್ತಿರಕ್ಕೆ ಇಳಿದಿರಬೇಕು. ನಡುವೆ ಗ್ಯಾಸಿನ ನೆರಳು ಬಿದ್ದು ಇವೆರಡೂ ಕಾಣದೇ ಇದ್ದರೆ ನೀವು ಇನ್ನೂ ಒತ್ತಿಯೇ ಇಲ್ಲ ಅಂತ ಅರ್ಥ. ಆ ಸ್ಥಿತಿಯಲ್ಲಿ "ಮಣಿಯುವುದಿಲ್ಲ" ಅಂತ ಬರೆದರೆ ಆ ಮಾತಿಗೆ ಬೆಲೆ ಇಲ್ಲ. "ಅಪೆಂಡಿಕ್ಸ್ ಕಾಣಲಿಲ್ಲ" ಅಂತ ಬರೆದರೂ ಅಷ್ಟೇ.

ಒತ್ತಡ ಹಾಕುವಾಗ ರೋಗಿ ಉಸಿರು ಬಿಡುವ ಹೊತ್ತಿಗೆ ಸ್ವಲ್ಪ ಒಳಗೆ ಹೋಗಿ, ಉಸಿರು ತೆಗೆದುಕೊಳ್ಳುವಾಗ ಅಲ್ಲೇ ನಿಲ್ಲಿ, ಮತ್ತೆ ಬಿಡುವಾಗ ಇನ್ನಷ್ಟು ಹೋಗಿ. ತೆಗೆಯುವಾಗಲೂ ನಿಧಾನ. ಫಟ್ಟಂತ ಕೈ ತೆಗೆದರೆ ಉರಿಯೂತ ಇರುವ ಹೊಟ್ಟೆಯಲ್ಲಿ ಜೋರಾಗಿ ನೋವಾಗುತ್ತದೆ. ಆಮೇಲೆ ಆ ರೋಗಿ ಮತ್ತೆ ಹೊಟ್ಟೆ ಮುಟ್ಟಲು ಬಿಡುವುದಿಲ್ಲ. ನೋವು ತಡೆಯಲಾಗದೆ ಹೊಟ್ಟೆ ಬಿಗಿ ಹಿಡಿದಿದ್ದರೆ ಮೊದಲು ನೋವಿನ ಇಂಜೆಕ್ಷನ್ ಕೊಡಿಸಿ. ನೋವು ಕಡಿಮೆ ಮಾಡಿದರೆ ರೋಗ ಮುಚ್ಚಿಹೋಗುತ್ತದೆ ಅನ್ನುವ ಹಳೇ ಭಯಕ್ಕೆ ಆಧಾರವಿಲ್ಲ. ಸ್ಕ್ಯಾನ್ ಅಂತೂ ಚೆನ್ನಾಗಿ ಬರುತ್ತದೆ.

ಅಪೆಂಡಿಕ್ಸ್ ಸೀಕಂನ ಹಿಂದೆ ಅಡಗಿದ್ದರೆ ಮುಂದಿನಿಂದ ಎಷ್ಟು ಒತ್ತಿದರೂ ಸಿಗುವುದಿಲ್ಲ. ಆಗ ರೋಗಿಯನ್ನು ಎಡ ಮಗ್ಗುಲಿಗೆ ತಿರುಗಿಸಿ ಪಕ್ಕದಿಂದ ನೋಡಿ. ಅಥವಾ ನಿಮ್ಮ ಎಡಗೈಯನ್ನು ರೋಗಿಯ ಸೊಂಟದ ಹಿಂದೆ ಇಟ್ಟು ಮುಂದಕ್ಕೆ ಒತ್ತುತ್ತಾ ಬಲಗೈಯಲ್ಲಿ ಪ್ರೋಬ್ ಹಿಡಿಯಿರಿ. "ಕಾಣಲಿಲ್ಲ" ಅಂತ ಬರೆಯುವ ಮೊದಲು ಇವೆರಡನ್ನೂ ಮಾಡಿರಬೇಕು.

ಆ ಕೊಳವೆ ಅಪೆಂಡಿಕ್ಸಾ, ಸಣ್ಣ ಕರುಳಾ?

ಚಿಹ್ನೆಗಳನ್ನು ಹೋಲಿಸುವ ಮೊದಲು ಇದು ತೀರ್ಮಾನವಾಗಬೇಕು. ಸಣ್ಣ ಕರುಳಿನ ಕೊನೆಯ ಭಾಗ, ಅಂದರೆ ಟರ್ಮಿನಲ್ ಇಲಿಯಂ, ಅದೇ ಜಾಗದಲ್ಲಿ ಇರುತ್ತದೆ. ಅಡ್ಡಡ್ಡ ನೋಡಿದರೆ ಅದೂ ಪದರ ಪದರವಾಗಿ ಉಂಗುರದ ಥರವೇ ಕಾಣುತ್ತದೆ.

ಒಂದೇ ಜಾಗದಲ್ಲಿ ಪ್ರೋಬನ್ನು ಅಲುಗಾಡಿಸದೆ ಅರ್ಧ ನಿಮಿಷ ನೋಡುತ್ತಾ ಇರಿ. ಇಲಿಯಂ ಆದರೆ ಅಲೆಯಂತೆ ಹಿಗ್ಗಿ ಕುಗ್ಗುತ್ತದೆ, ಒಳಗಿನದು ಮುಂದಕ್ಕೆ ಹೋಗುತ್ತದೆ. ಅಪೆಂಡಿಕ್ಸ್ ಸುಮ್ನೆ ಇರುತ್ತದೆ. ಆಮೇಲೆ ಪ್ರೋಬನ್ನು ಆ ಕೊಳವೆಯ ಉದ್ದಕ್ಕೆ ತಿರುಗಿಸಿ ಹಿಂಬಾಲಿಸಿ. ಇಲಿಯಂ ಮುಂದೆ ಬೇರೆ ಕರುಳಿನ ಸುರುಳಿಗಳ ಜೊತೆ ಸೇರಿಕೊಳ್ಳುತ್ತದೆ, ಮುಗಿಯುವುದೇ ಇಲ್ಲ. ಅಪೆಂಡಿಕ್ಸ್‌ನ ಒಂದು ತುದಿ ಸೀಕಂಗೆ ಅಂಟಿರುತ್ತದೆ, ಇನ್ನೊಂದು ತುದಿ ಗುಂಡಗೆ ಮುಚ್ಚಿಕೊಂಡಿರುತ್ತದೆ.

ಆ ಮುಚ್ಚಿದ ತುದಿಯನ್ನು ನೀವು ನೋಡಲೇಬೇಕು. ಇದಕ್ಕೆ ಎರಡು ಕಾರಣ ಇದೆ. ಮೊದಲನೆಯದು, ಇದು ಅಪೆಂಡಿಕ್ಸೇ ಹೌದು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಎರಡನೆಯದು, ರೋಗ ಕೆಲವು ಸಲ ತುದಿಯಲ್ಲಿ ಮಾತ್ರ ಇರುತ್ತದೆ. ಬುಡದ ಮೂರು ಸೆಂಟಿಮೀಟರ್ ನೋಡಿ "ನಾರ್ಮಲ್" ಅಂತ ಬರೆಯುವುದು ಅಪಾಯದ ಕೆಲಸ.

ಅಳತೆಯಾ, ಮಣಿಯುವುದಾ?

6 ಮಿ.ಮೀ. ಅನ್ನುವ ಗಡಿ ಎಲ್ಲರಿಗೂ ಬಾಯಿಪಾಠ. ಹೊರಗೋಡೆಯಿಂದ ಹೊರಗೋಡೆಗೆ ಅಳೆದಾಗ 6ಕ್ಕಿಂತ ಜಾಸ್ತಿ ಇದ್ದರೆ ಅಪೆಂಡಿಸೈಟಿಸ್ ಅಂತ. ಈ ಗಡಿಯ ಒಂದು ಕಡೆ ಗಟ್ಟಿಯಾಗಿದೆ, ಇನ್ನೊಂದು ಕಡೆ ಸಡಿಲ. ತುದಿವರೆಗೂ ಕಂಡ ಅಪೆಂಡಿಕ್ಸ್ ಎಲ್ಲೂ 6 ದಾಟಿಲ್ಲ ಅಂದರೆ ಉರಿಯೂತ ಇರುವ ಸಾಧ್ಯತೆ ತೀರಾ ಕಡಿಮೆ. ಆದರೆ 6 ದಾಟಿತು ಅಂದ ಮಾತ್ರಕ್ಕೆ ರೋಗ ಅಂತ ಅಲ್ಲ. ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರಿಗೆ 7 ಮಿ.ಮೀ. ಅಪೆಂಡಿಕ್ಸ್ ಇರುತ್ತದೆ. ಒಳಗೆ ಮಲ ತುಂಬಿದ್ದರೆ ಅಥವಾ ಗ್ಯಾಸ್ ಇದ್ದರೆ ಅದು ಹಿಗ್ಗಿರುತ್ತದೆ. ಮಕ್ಕಳಲ್ಲಿ ವೈರಲ್ ಸೋಂಕು ಬಂದಾಗ ಗೋಡೆಯೊಳಗಿನ ಲಿಂಫಾಯ್ಡ್ ಅಂಗಾಂಶ ಊದಿಕೊಂಡು ಅಪೆಂಡಿಕ್ಸ್ ದಪ್ಪಗೆ ಕಾಣುತ್ತದೆ.

ಆದ್ದರಿಂದ 6ರಿಂದ 8ರ ನಡುವೆ ಒತ್ತಿ ನೋಡಿದ ಫಲ ಅಳತೆಗಿಂತ ಜಾಸ್ತಿ ಹೇಳುತ್ತದೆ. ಆರೋಗ್ಯವಾಗಿರುವ ಅಪೆಂಡಿಕ್ಸ್ ಮೆತ್ತಗಿನ ಚೀಲ. ಒತ್ತಿದರೆ ಒಳಗಿನದು ಸೀಕಂ ಕಡೆ ಸರಿದು ಅದು ಚಪ್ಪಟೆಯಾಗುತ್ತದೆ. ಉರಿಯೂತದಲ್ಲಿ ಬುಡ ಕಟ್ಟಿಕೊಂಡು ಒಳಗೆ ದ್ರವ ಸೇರಿ ಒತ್ತಡ ಏರಿರುತ್ತದೆ, ಗೋಡೆಯೂ ದಪ್ಪಗಾಗಿರುತ್ತದೆ. ಅದನ್ನು ಪ್ರೋಬಿನಡಿ ಒತ್ತಿದರೆ ಗುಂಡಗೇ ಉಳಿಯುತ್ತದೆ, ಬೇಕಾದರೆ ಇಡಿಯಾಗಿ ಪಕ್ಕಕ್ಕೆ ಜಾರುತ್ತದೆ.

ಇದನ್ನು ಮಾತಿನಲ್ಲಿ ಬಿಡುವುದಕ್ಕಿಂತ ಅಳತೆಯಲ್ಲೇ ತೋರಿಸುವುದು ಒಳ್ಳೆಯದು. ಪರದೆಯನ್ನು ಎರಡು ಭಾಗ ಮಾಡಿಕೊಳ್ಳಿ. ಎಡಗಡೆ ಒತ್ತದೆ ತೆಗೆದ ಅಡ್ಡ ಚಿತ್ರ, ಬಲಗಡೆ ಅದೇ ಜಾಗವನ್ನು ಒತ್ತಿ ತೆಗೆದ ಚಿತ್ರ. 7.3 ಇದ್ದದ್ದು 4.5ಕ್ಕೆ ಇಳಿಯಿತು ಅಂದರೆ ನೋಡಿದವರಿಗೆಲ್ಲ ಅರ್ಥವಾಗುತ್ತದೆ. 7.1 ಇದ್ದದ್ದು 6.9ಕ್ಕೆ ನಿಂತಿತು ಅಂದರೂ ಅರ್ಥವಾಗುತ್ತದೆ. ಆಕಾರವನ್ನೂ ಗಮನಿಸಿ. ಉದ್ದಕ್ಕೂ ಅಂಡಾಕಾರ ಇದ್ದರೆ ಸಮಾಧಾನ ಪಡಬಹುದು. ಎಲ್ಲೋ ಒಂದು ಕಡೆ ಪೂರ್ತಿ ಗುಂಡಗೆ, ಬಿಗಿಯಾಗಿ ನಿಂತಿದ್ದರೆ ಅಲ್ಲೇ ನಿಂತು ಇನ್ನೊಮ್ಮೆ ನೋಡಿ.

ಹಾಗಂತ ಮಣಿಯುವುದನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. ಅದು ಎರಡೂ ಕಡೆಗೂ ತಪ್ಪು ಹೇಳಬಹುದು. ಗಟ್ಟಿ ಮಲ ತುಂಬಿದ ಆರೋಗ್ಯವಂತ ಅಪೆಂಡಿಕ್ಸ್ ಅಷ್ಟಾಗಿ ಮಣಿಯುವುದಿಲ್ಲ. ಇದಕ್ಕಿಂತ ಭಯ ಹುಟ್ಟಿಸುವುದು ಇದರ ಉಲ್ಟಾ. ಅಪೆಂಡಿಕ್ಸ್ ತೂತಾದಾಗ ಒಳಗಿನ ಒತ್ತಡ ಹೊರಗೆ ಹೋಗಿಬಿಡುತ್ತದೆ. ಅಳತೆ ಇಳಿಯುತ್ತದೆ, ಒತ್ತಿದರೆ ಮಣಿಯುತ್ತದೆ. ಸ್ವಲ್ಪ ಹೊತ್ತು ನೋವೂ ಕಡಿಮೆಯಾದಂತೆ ಅನ್ನಿಸಬಹುದು. ಮಿಲಿಮೀಟರನ್ನೂ ಮಣಿಯುವಿಕೆಯನ್ನೂ ಮಾತ್ರ ನೋಡುವವರು ಇಲ್ಲಿ ಅತಿ ಗಂಭೀರ ರೋಗಿಯನ್ನೇ ಕೈಬಿಡುತ್ತಾರೆ. ಆ ಹೊತ್ತಿನಲ್ಲೂ ಸುಳ್ಳು ಹೇಳದೆ ಉಳಿಯುವುದು ಕೊಬ್ಬು.

ಸುತ್ತಲಿನ ಕೊಬ್ಬು ಏನು ಹೇಳುತ್ತದೆ

ಕರುಳಿನ ಸುತ್ತ ಇರುವ ಕೊಬ್ಬು ಮಾಮೂಲಿಯಾಗಿ ಪರದೆಯ ಮೇಲೆ ಗಮನಕ್ಕೇ ಬರುವುದಿಲ್ಲ. ಬೂದು ಬಣ್ಣದಲ್ಲಿ, ನಡುನಡುವೆ ಸಣ್ಣ ಗೆರೆಗಳೊಂದಿಗೆ ಇರುತ್ತದೆ. ಒತ್ತಿದರೆ ತೆಳ್ಳಗಾಗಿ ಆಚೀಚೆ ಹರಿದುಹೋಗುತ್ತದೆ. ಉರಿಯೂತ ಅಪೆಂಡಿಕ್ಸಿನ ಗೋಡೆ ದಾಟಿ ಹೊರಬಂದ ಮೇಲೆ ಈ ಕೊಬ್ಬು ಬದಲಾಗುತ್ತದೆ. ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ಕೊಬ್ಬಿನ ಹೊದಿಕೆ, ಅಂದರೆ ಒಮೆಂಟಮ್ ಕೂಡ ಆ ಜಾಗಕ್ಕೆ ಬಂದು ಸುತ್ತಿಕೊಳ್ಳುತ್ತದೆ.

ಹತ್ತಿರದಿಂದ ನೋಡಿದರೆ ಮೂರು ಬದಲಾವಣೆ ಕಾಣುತ್ತದೆ. ಒಂದು, ಅದು ಬೆಳ್ಳಗಾಗುತ್ತದೆ. ಬೂದಿನೊಳಗಿನ ಗೆರೆಗಳೆಲ್ಲ ಅಳಿಸಿಹೋಗಿ ಮೋಡದಂತೆ ಒಂದೇ ಸಮನೆ ಬಿಳಿ. ಎರಡು, ಅದು ದಪ್ಪಗಾಗಿ ಅಪೆಂಡಿಕ್ಸನ್ನು ಬೇರೆ ಕರುಳುಗಳಿಂದ ದೂರ ಮಾಡುತ್ತದೆ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಒತ್ತಿದರೆ ಅದು ತೆಳ್ಳಗಾಗುವುದಿಲ್ಲ, ಸರಿಯುವುದೂ ಇಲ್ಲ. ಪಕ್ಕದ ಕರುಳು ಜಾರಿಹೋಗುತ್ತದೆ, ಈ ಬಿಳಿ ಗಡ್ಡೆ ಮಾತ್ರ ಅಪೆಂಡಿಕ್ಸ್ ಜೊತೆಗೇ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಒತ್ತಿ ನೋಡುವ ಪರೀಕ್ಷೆ ಕೊಳವೆಗಷ್ಟೇ ಅಲ್ಲ, ಕೊಬ್ಬಿಗೂ ಇದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಬೆಳ್ಳಗಿದೆಯಾ ಇಲ್ಲವಾ ಅನ್ನುವುದು ಮೆಷಿನ್ನಿನ ಗೇನ್ ಮೇಲೆ ನಿಂತಿರುತ್ತದೆ, ಅಲ್ವಾ? ಗೇನ್ ಏರಿಸಿದರೆ ಎಲ್ಲವೂ ಬಿಳಿಯೇ. ಅದಕ್ಕೆ ಅನುಮಾನ ಬಂದಾಗ ಅದೇ ಗೇನ್, ಅದೇ ಆಳ ಇಟ್ಟುಕೊಂಡು ಎಡಗಡೆ ಅದೇ ಎತ್ತರದಲ್ಲಿ ಪ್ರೋಬ್ ಇಟ್ಟು ಅಲ್ಲಿಯ ಕೊಬ್ಬನ್ನೂ ನೋಡಿ. ಎರಡೂ ಚಿತ್ರ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಇದ್ದರೆ ಎದ್ದು ಕಾಣುತ್ತದೆ. ಇದಕ್ಕೆ ಒಂದು ನಿಮಿಷ ಸಾಕು.

ಕೊಬ್ಬನ್ನು ನಾನು ಮೇಲಿಡುವುದಕ್ಕೆ ಕಾರಣ ಇದು. ಮಲ ತುಂಬಿ ಹಿಗ್ಗಿದ ಅಪೆಂಡಿಕ್ಸ್ ಸುತ್ತ, ಲಿಂಫಾಯ್ಡ್ ಊತದಿಂದ ದಪ್ಪಗಾದ ಅಪೆಂಡಿಕ್ಸ್ ಸುತ್ತ ಕೊಬ್ಬು ಮೆತ್ತಗೇ ಇರುತ್ತದೆ. ತೂತಾಗಿ ಚಿಕ್ಕದಾದ ಅಪೆಂಡಿಕ್ಸ್ ಸುತ್ತ ಕೊಬ್ಬು ಜೋರಾಗಿ ಬೆಳ್ಳಗಿರುತ್ತದೆ. ಅಂದರೆ ಅಳತೆ ಮತ್ತು ಮಣಿಯುವಿಕೆ ಎಲ್ಲಿ ದಾರಿ ತಪ್ಪಿಸುತ್ತವೋ ಸರಿಯಾಗಿ ಅಲ್ಲೇ ಕೊಬ್ಬು ಕೈ ಹಿಡಿಯುತ್ತದೆ.

ಇದಕ್ಕೂ ಮಿತಿ ಇದೆ. ನೋವು ಶುರುವಾಗಿ ಮೊದಲ ಕೆಲವು ಗಂಟೆಗಳಲ್ಲಿ ಉರಿಯೂತ ಇನ್ನೂ ಗೋಡೆಯೊಳಗೇ ಇರುತ್ತದೆ, ಕೊಬ್ಬು ಬದಲಾಗಿರುವುದಿಲ್ಲ. ತೀರಾ ತೆಳ್ಳಗಿನ ಮಕ್ಕಳಲ್ಲಿ ನೋಡುವುದಕ್ಕೆ ಅಲ್ಲಿ ಕೊಬ್ಬೇ ಇರುವುದಿಲ್ಲ. ಇವೆರಡು ಸಂದರ್ಭದಲ್ಲಿ ಮಣಿಯುವಿಕೆಗೆ ಮೊದಲ ಸ್ಥಾನ ಕೊಡಬೇಕಾಗುತ್ತದೆ.

ಉಳಿದ ಚಿಹ್ನೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಒಳಗೆ ಕಲ್ಲು, ಅಂದರೆ ಅಪೆಂಡಿಕೋಲಿತ್, ಹೊಳೆಯುವ ಚುಕ್ಕೆಯಾಗಿ ಹಿಂದೆ ಕಪ್ಪು ನೆರಳು ಬಿಟ್ಟು ಕಾಣುತ್ತದೆ. ಇದ್ದರೆ ತೂಕ ಹೆಚ್ಚು, ಇಲ್ಲದಿದ್ದರೆ ಏನನ್ನೂ ಹೇಳುವುದಿಲ್ಲ. ಡಾಪ್ಲರ್‌ನಲ್ಲಿ ಗೋಡೆಯ ಉದ್ದಕ್ಕೂ ಬಣ್ಣ ತುಂಬಿದ್ದರೆ ಉರಿಯೂತಕ್ಕೆ ಬೆಂಬಲ. ಆದರೆ ಗೋಡೆ ಕೊಳೆಯತೊಡಗಿದಾಗ ರಕ್ತ ಸಂಚಾರವೇ ನಿಂತು ಬಣ್ಣ ಮಾಯವಾಗುತ್ತದೆ. ಆಗ ಗೋಡೆಯ ನಡುವಿನ ಬಿಳಿ ಪದರ ಎಲ್ಲಾದರೂ ತುಂಡಾಗಿದೆಯಾ ನೋಡಿ. ಆ ಪದರ ಅಳಿಸಿಹೋಗಿದ್ದರೆ ತೂತಾಗುವ ಹಂತ ಹತ್ತಿರ ಇದೆ ಅಥವಾ ಆಗಿಹೋಗಿದೆ. ಪೆಲ್ವಿಸ್‌ನಲ್ಲಿ ಸ್ವಲ್ಪ ನೀರು ಕಂಡಿದ್ದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳಲ್ಲಿ.

ಕೊಬ್ಬು ಬೆಳ್ಳಗಿದೆ, ಆದರೆ ಅಪೆಂಡಿಕ್ಸ್ ಅಲ್ಲ

ಬೆಳ್ಳಗಿನ ಕೊಬ್ಬು ಹತ್ತಿರದಲ್ಲಿ ಉರಿಯೂತ ಇದೆ ಅಂತ ಹೇಳುತ್ತದೆ, ಯಾವುದರದ್ದು ಅಂತ ಹೇಳುವುದಿಲ್ಲ. ಅದಕ್ಕೆ ಆ ಬಿಳಿಯ ನಟ್ಟನಡುವೆ ಏನಿದೆ ಅಂತ ಹುಡುಕಬೇಕು.

ನಡುವೆ ಏನೂ ಇಲ್ಲ, ಬರೀ ಕೊಬ್ಬಿನ ಗಡ್ಡೆ, ಹೊಟ್ಟೆಯ ಮುಂಗೋಡೆಗೆ ತಾಗಿಕೊಂಡಿದೆ, ಅಪೆಂಡಿಕ್ಸ್ ಬೇರೆ ಕಡೆ ಆರಾಮಾಗಿದೆ ಅಂದರೆ ಅದು ರಕ್ತ ಸಿಗದೆ ಒಮೆಂಟಮ್‌ನ ಒಂದು ಭಾಗ ಸಾಯುವ ಇನ್‌ಫಾರ್ಕ್ಷನ್ ಇರಬಹುದು. ದೊಡ್ಡ ಕರುಳಿಗೆ ಅಂಟಿದ ಸಣ್ಣ ಅಂಡಾಕಾರದ ಬಿಳಿ ಗಂಟು, ಸುತ್ತ ಕಪ್ಪು ಅಂಚು ಇದ್ದರೆ ಎಪಿಪ್ಲಾಯಿಕ್ ಅಪೆಂಡೇಜೈಟಿಸ್. ಎರಡೂ ಸಾಮಾನ್ಯವಾಗಿ ನೋವಿನ ಮಾತ್ರೆಯಲ್ಲೇ ವಾಸಿಯಾಗುತ್ತವೆ. ಇವನ್ನು ಗುರುತು ಹಿಡಿದರೆ ಒಂದು ಆಪರೇಷನ್ ತಪ್ಪುತ್ತದೆ.

ಸೀಕಂ ಮತ್ತು ಇಲಿಯಂ ಎರಡರ ಗೋಡೆಯೂ ದಪ್ಪಗಾಗಿದ್ದು, ಪಕ್ಕದಲ್ಲಿ ದೊಡ್ಡ ಗ್ರಂಥಿಗಳಿದ್ದು, ಅವುಗಳ ನಡುಭಾಗ ಕಪ್ಪಾಗಿ ಕೊಳೆತಂತೆ ಕಂಡರೆ ನಮ್ಮ ಕಡೆ ಟಿಬಿಯನ್ನು ಮರೆಯುವಂತಿಲ್ಲ. ಇಂಥವರಿಗೆ ನೋವು ನಿನ್ನೆ ಶುರುವಾಗಿರುವುದಿಲ್ಲ. ಕೇಳಿದರೆ ವಾರಗಳಿಂದ ತೂಕ ಇಳಿದಿರುವುದು, ಸಂಜೆ ಜ್ವರ ಬರುವುದು ಹೊರಬರುತ್ತದೆ. ಜ್ವರ ಮೊದಲು ಬಂದು ಹೊಟ್ಟೆನೋವು ಆಮೇಲೆ ಬಂದಿದ್ದರೆ, ಇಲಿಯಂ ದಪ್ಪಗಾಗಿದ್ದರೆ ಟೈಫಾಯ್ಡ್ ಕೂಡ ಪಟ್ಟಿಯಲ್ಲಿರಬೇಕು. ಕರುಳೇ ಮೂಲ ಆದಾಗ ಅಪೆಂಡಿಕ್ಸ್ ಕೂಡ ಜೊತೆಗೆ ಸ್ವಲ್ಪ ಊದಿರಬಹುದು. ಆದರೆ ಯಾವುದು ಹೆಚ್ಚು ದಪ್ಪ, ಬಿಳಿ ಯಾವುದರ ಸುತ್ತ ಜಾಸ್ತಿ ಅಂತ ನೋಡಿದರೆ ಮೂಲ ಗೊತ್ತಾಗುತ್ತದೆ.

ಎರಡು ಕೇಸ್, ಒಂದೇ ಅಳತೆ

ಮೇಲೆ ಹೇಳಿದ್ದನ್ನು ಕೂಡಿಸಿ ನೋಡಲು ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳೋಣ.

ಮೊದಲನೆಯವನು 14 ವರ್ಷದ ಹುಡುಗ. ನಿನ್ನೆ ಸಂಜೆ ಹೊಕ್ಕುಳ ಸುತ್ತ ನೋವು, ಬೆಳಗ್ಗೆ ಹೊತ್ತಿಗೆ ಬಲಗಡೆ ಕೆಳಗೆ ಇಳಿದಿದೆ. ಒಂದು ಸಲ ವಾಂತಿ, ತಿಂಡಿ ಬೇಡ ಅಂದಿದ್ದಾನೆ. ಜ್ವರ 99.7 ಫ್ಯಾರನ್‌ಹೀಟ್. ಬಿಳಿ ರಕ್ತಕಣ 9,600, ನ್ಯೂಟ್ರೋಫಿಲ್ ಶೇ. 72. ಮುಟ್ಟಿದರೆ ಬಲಗಡೆ ನೋವಿದೆ, ಕೈ ತೆಗೆದಾಗ ನೋವು ಹೆಚ್ಚಾಗುವುದಿಲ್ಲ. ಅಪೆಂಡಿಸೈಟಿಸ್ ಸಾಧ್ಯತೆ ಅಳೆಯುವ ಆಲ್ವರಾಡೋ ಸ್ಕೋರ್ ಹಾಕಿದರೆ ನೋವು ಜಾಗ ಬದಲಿಸಿದ್ದಕ್ಕೆ 1, ಹಸಿವಿಲ್ಲದ್ದಕ್ಕೆ 1, ವಾಂತಿಗೆ 1, ಬಲಗಡೆ ನೋವಿಗೆ 2, ಜ್ವರಕ್ಕೆ 1. ಒಟ್ಟು 10ಕ್ಕೆ 6. ಅನುಮಾನ ಇದೆ, ಆದರೆ ಖಚಿತ ಅನ್ನುವಷ್ಟಿಲ್ಲ.

ಸ್ಕ್ಯಾನ್‌ನಲ್ಲಿ ಅಪೆಂಡಿಕ್ಸ್‌ನ ಬುಡ ಬೇಗ ಸಿಗುತ್ತದೆ. 5.2 ಮಿ.ಮೀ., ಒತ್ತಿದರೆ 3.5. ಹತ್ತಿರದಲ್ಲಿ 6 ಮಿ.ಮೀ.ನ ನಾಲ್ಕೈದು ಗ್ರಂಥಿಗಳು. ಇಲ್ಲಿಗೇ ಪ್ರೋಬ್ ಎತ್ತಿದರೆ ರಿಪೋರ್ಟ್ ಬರೆದುಬಿಡಬಹುದು: ಅಪೆಂಡಿಕ್ಸ್ ನಾರ್ಮಲ್, ಮೆಸೆಂಟೆರಿಕ್ ಅಡಿನೈಟಿಸ್, ಅಂದರೆ ಕರುಳಿನ ಪಕ್ಕದ ಗ್ರಂಥಿಗಳ ಊತ. ಮಕ್ಕಳ ಹೊಟ್ಟೆಯಲ್ಲಿ ಆ ಅಳತೆಯ ಗ್ರಂಥಿಗಳು ಆರೋಗ್ಯವಾಗಿರುವವರಲ್ಲೂ ಸಿಗುತ್ತವೆ. ಅವು ಸಿಕ್ಕವು ಅಂತ ಹುಡುಕಾಟ ನಿಲ್ಲಿಸಬಾರದು.

ಹುಡುಗನಿಗೆ ಬೆರಳಲ್ಲಿ ತೋರಿಸು ಅಂದರೆ ಅವನು ಬುಡದ ಮೇಲೆ ತೋರಿಸುವುದಿಲ್ಲ, ಇನ್ನೂ ಕೆಳಗೆ, ಪೆಲ್ವಿಸ್ ಕಡೆ ತೋರಿಸುತ್ತಾನೆ. ಕೊಳವೆಯನ್ನು ಹಿಂಬಾಲಿಸಿ ಇಲಿಯಾಕ್ ರಕ್ತನಾಳ ದಾಟಿದರೆ ತುದಿಯ ಎರಡು ಸೆಂಟಿಮೀಟರ್ 7.1 ಮಿ.ಮೀ. ಇದೆ, ಪೂರ್ತಿ ಗುಂಡಗಿದೆ, ಒತ್ತಿದರೆ 6.9. ಅದರ ಸುತ್ತ ಒಂದೂವರೆ ಸೆಂಟಿಮೀಟರ್ ದಪ್ಪದ ಬಿಳಿ ಕೊಬ್ಬು, ಒತ್ತಿದರೂ ಕದಲುವುದಿಲ್ಲ. ಎಡಗಡೆ ಅದೇ ಗೇನ್‌ನಲ್ಲಿ ಕೊಬ್ಬು ಬೂದು. ಇದು ತುದಿಯ ಅಪೆಂಡಿಸೈಟಿಸ್. ಸಿಟಿ ಬೇಡ, ಸರ್ಜನ್ ನೋಡಬೇಕು.

ಎರಡನೆಯವರು 26 ವರ್ಷದ ಹೆಣ್ಣುಮಗಳು. ಬೆಳಗ್ಗೆ ಇದ್ದಕ್ಕಿದ್ದಂತೆ ಬಲಗಡೆ ಕೆಳಗೆ ನೋವು, ಜಾಗ ಬದಲಿಸಿಲ್ಲ, ವಾಂತಿ ಇಲ್ಲ, ಜ್ವರ ಇಲ್ಲ, ರಕ್ತ ಪರೀಕ್ಷೆ ಸರಿ ಇದೆ. ಮುಟ್ಟು ಆಗಿ ಎರಡೂವರೆ ವಾರ ಆಗಿದೆ, ಗರ್ಭಿಣಿ ಅಲ್ಲ ಅಂತ ಪರೀಕ್ಷೆಯಲ್ಲಿ ಖಚಿತವಾಗಿದೆ. ಅಪೆಂಡಿಕ್ಸ್ ಉದ್ದಕ್ಕೂ 7.3 ಮಿ.ಮೀ. ಅಳತೆಯಲ್ಲಿ ಹುಡುಗನದಕ್ಕಿಂತ ದಪ್ಪ. ಆದರೆ ಅಂಡಾಕಾರ, ಒಳಗೆ ಗ್ಯಾಸ್ ಮತ್ತು ಮಲ ಬೆರೆತಿದೆ, ಒತ್ತಿದರೆ 4.5ಕ್ಕೆ ಇಳಿಯುತ್ತದೆ. ಕೊಬ್ಬು ಬೂದು, ಮೆತ್ತಗೆ. ಪ್ರೋಬನ್ನು ಅಪೆಂಡಿಕ್ಸ್ ಮೇಲೆ ಒತ್ತಿದರೆ ಅಂಥ ನೋವಿಲ್ಲ, ಬಲ ಅಂಡಾಶಯದ ಮೇಲೆ ಒತ್ತಿದರೆ ಅದೇ ನೋವು ಅನ್ನುತ್ತಾರೆ. ಅಲ್ಲಿ 3 ಸೆಂ.ಮೀ. ಸಿಸ್ಟ್, ಒಳಗೆ ಬಲೆಯಂಥ ಎಳೆಗಳು, ಪಕ್ಕದಲ್ಲಿ ಸ್ವಲ್ಪ ನೀರು. ಅಂಡಾಶಯ ತಿರುಚಿಕೊಂಡಿಲ್ಲ ಅಂತ ಡಾಪ್ಲರ್‌ನಲ್ಲೂ ಗಾತ್ರದಲ್ಲೂ ನೋಡಿಕೊಳ್ಳಬೇಕು. ರಕ್ತ ತುಂಬಿದ ಸಿಸ್ಟ್‌ನ ನೋವು ಇದು. ಇವರಿಗೆ "ಅಪೆಂಡಿಕ್ಸ್ 7.3 ಮಿ.ಮೀ., ಅಪೆಂಡಿಸೈಟಿಸ್" ಅಂತ ಒಂದು ಸಾಲು ಬರೆದಿದ್ದರೆ ಆಪರೇಷನ್ ಟೇಬಲ್ ಹತ್ತುತ್ತಿದ್ದರು.

ಮುಂದೆ ಯಾವ ದಾರಿ

ಅಪೆಂಡಿಕ್ಸ್ ಮಣಿಯುವುದಿಲ್ಲ, ಕೊಬ್ಬು ಬೆಳ್ಳಗಿದೆ, ನೋವೂ ಅಲ್ಲೇ ಇದೆ ಅಂದರೆ ನಿರ್ಧಾರ ಸುಲಭ. ಇನ್ನೊಂದು ಸ್ಕ್ಯಾನ್‌ನಿಂದ ಸಿಗುವುದು ಕಡಿಮೆ, ಹೊತ್ತು ಮಾತ್ರ ಹೋಗುತ್ತದೆ. ಬಾವು ಕಟ್ಟಿದೆ ಅನ್ನುವ ಅನುಮಾನ ಇದ್ದರೆ ಅದು ಎಷ್ಟು ಹರಡಿದೆ ತಿಳಿಯಲು ಸಿಟಿ ಮಾಡಿಸಬಹುದು. ಆಪರೇಷನ್ ಬದಲು ಆಂಟಿಬಯೋಟಿಕ್ ಕೊಟ್ಟು ನೋಡೋಣ ಅಂತ ಸರ್ಜನ್ ಯೋಚಿಸುತ್ತಿದ್ದರೆ ಕಲ್ಲು ಇದೆಯಾ ಇಲ್ಲವಾ ಅನ್ನುವುದನ್ನು ರಿಪೋರ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿ. 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ಒಂದರಲ್ಲಿ, ಆಂಟಿಬಯೋಟಿಕ್ ಪಡೆದವರ ಪೈಕಿ ಕಲ್ಲು ಇದ್ದವರಲ್ಲಿ ಶೇ. 41 ಮಂದಿಗೆ 90 ದಿನದೊಳಗೆ ಆಪರೇಷನ್ ಆಯಿತು. ಕಲ್ಲು ಇಲ್ಲದವರಲ್ಲಿ ಅದು ಶೇ. 25.

ಅಪೆಂಡಿಕ್ಸ್ 6ರಿಂದ 8 ಇದೆ, ಅರೆಬರೆ ಮಣಿಯುತ್ತದೆ, ಕೊಬ್ಬು ಮೆತ್ತಗಿದೆ, ನೋವು ಶುರುವಾಗಿ ಇನ್ನೂ ಕೆಲವೇ ಗಂಟೆ ಆಗಿದೆ ಅಂದರೆ ನಾನು ಕಾಯುವ ಕಡೆಗೇ ಇದ್ದೇನೆ. ಆಸ್ಪತ್ರೆಯಲ್ಲೇ ಇರಿಸಿಕೊಂಡು ಆರರಿಂದ ಹನ್ನೆರಡು ಗಂಟೆ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದು, ಸಾಧ್ಯವಾದರೆ ಅದೇ ಕೈಯಿಂದ. ಉರಿಯೂತ ಇದ್ದರೆ ಅಷ್ಟು ಹೊತ್ತಿಗೆ ಕೊಬ್ಬು ಬೆಳ್ಳಗಾಗತೊಡಗುತ್ತದೆ. ಮಕ್ಕಳಿಗೆ ಇದು ಸಿಟಿಗಿಂತ ಒಳ್ಳೆಯ ದಾರಿ, ರೇಡಿಯೇಶನ್ ಇಲ್ಲ. ಆದರೆ ಮನೆ ದೂರ ಇದ್ದು, ರಾತ್ರಿ ವಾಹನ ಸಿಗದ ಊರಿನವರನ್ನು "ಹೆಚ್ಚಾದರೆ ಬನ್ನಿ" ಅಂತ ಕಳಿಸುವುದು ಕಾಯುವುದಲ್ಲ. ಅವರನ್ನು ವಾರ್ಡ್‌ನಲ್ಲೇ ಇರಿಸಿಕೊಳ್ಳಬೇಕು.

ಚೆನ್ನಾಗಿ ಒತ್ತಿಯೂ ಅಪೆಂಡಿಕ್ಸ್ ಕಾಣಲಿಲ್ಲ ಅಂದಾಗ ಮೂರು ದಾರಿ. ಸುತ್ತ ಎಲ್ಲೂ ಬಿಳಿ ಕೊಬ್ಬಿಲ್ಲ, ನೀರಿಲ್ಲ, ಸ್ಕೋರ್ ಕಡಿಮೆ, ರಕ್ತ ಪರೀಕ್ಷೆ ಸರಿ ಇದ್ದರೆ ಗಮನಿಸುತ್ತಾ ಇರಬಹುದು. ಕೊಬ್ಬು ಬೆಳ್ಳಗಿದೆ ಆದರೆ ನಡುವೆ ಕೊಳವೆ ಸಿಗುತ್ತಿಲ್ಲ ಅಂದರೆ ದೊಡ್ಡವರಿಗೆ ಸಿಟಿ ಮಾಡಿಸಿ, ತಡ ಮಾಡಬೇಡಿ. 40 ದಾಟಿದವರಿಗೆ ಸಿಟಿಗೆ ಇನ್ನೂ ಬೇಗ ಹೋಗಬೇಕು, ಸೀಕಂನ ಕ್ಯಾನ್ಸರ್ ಕೂಡ ಅಪೆಂಡಿಸೈಟಿಸ್ ವೇಷದಲ್ಲಿ ಬರುತ್ತದೆ. ಗರ್ಭಿಣಿಯರಾದರೆ ಕಾಂಟ್ರಾಸ್ಟ್ ಇಲ್ಲದ ಎಂಆರ್‌ಐ. ಅವರಲ್ಲಿ ತಿಂಗಳು ತುಂಬುತ್ತಾ ಬಂದಂತೆ ಅಪೆಂಡಿಕ್ಸ್ ಮೇಲಕ್ಕೆ ಸರಿಯುತ್ತದೆ, ಹುಡುಕುವಾಗ ಪಕ್ಕೆಲುಬಿನ ಕೆಳಗಿನವರೆಗೂ ಹೋಗಬೇಕಾಗಬಹುದು. ಅಪೆಂಡಿಕ್ಸ್‌ಗೆ ಅಂತ ಮಾಡಿದ ಸ್ಕ್ಯಾನ್ ಆದರೂ ಗರ್ಭಿಣಿಗೆ ಮಾಡಿದ್ದಾದ್ದರಿಂದ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಫಾರ್ಮ್ ಎಫ್ ತುಂಬಲೇಬೇಕು.

ಹತ್ತಿರ ಸಿಟಿ ಇಲ್ಲದ ಕಡೆ ಕೆಲಸ ಮಾಡುವವರಿಗೆ ರಿಪೋರ್ಟಿನ ಪದಗಳೇ ಆಧಾರ. ಬರೀ "ಅಪೆಂಡಿಕ್ಸ್ ಕಾಣಲಿಲ್ಲ" ಅಂದರೆ ಅವರ ಕೈಗೆ ಏನೂ ಸಿಗುವುದಿಲ್ಲ. ಹೀಗೆ ಬರೆದರೆ ಸಿಗುತ್ತದೆ: "ಸೋಯಾಸ್ ಮತ್ತು ಇಲಿಯಾಕ್ ನಾಳಗಳು ಕಾಣುವಷ್ಟು ಒತ್ತಿ ನೋಡಲಾಗಿದೆ. ಎಡ ಮಗ್ಗುಲಿಗೆ ತಿರುಗಿಸಿಯೂ ನೋಡಲಾಗಿದೆ. ಅಪೆಂಡಿಕ್ಸ್ ಸಿಕ್ಕಿಲ್ಲ. ಸೀಕಂ ಸುತ್ತಲಿನ ಕೊಬ್ಬು ಎಡಗಡೆಯದರಂತೆಯೇ ಇದೆ, ಒತ್ತಿದರೆ ಸರಿಯುತ್ತದೆ. ನೀರಿಲ್ಲ, ಬಾವಿಲ್ಲ. ಟರ್ಮಿನಲ್ ಇಲಿಯಂ, ಬಲ ಮೂತ್ರಪಿಂಡ, ಮೂತ್ರನಾಳ ಸರಿ ಇವೆ. ನೋವು ಮುಂದುವರಿದರೆ ಆರು ಗಂಟೆ ಬಿಟ್ಟು ಮತ್ತೆ ಸ್ಕ್ಯಾನ್." ಹೊಟ್ಟೆ ತುಂಬಾ ಬಿಗಿಯಿದ್ದು ಒತ್ತಲು ಆಗದಿದ್ದರೆ ಅದನ್ನೂ ಹಾಗೇ ಬರೆಯಿರಿ: "ನೋವಿನಿಂದ ಸಾಕಷ್ಟು ಒತ್ತಲು ಆಗಲಿಲ್ಲ, ಈ ಸ್ಕ್ಯಾನ್‌ನಿಂದ ಅಪೆಂಡಿಸೈಟಿಸ್ ಇಲ್ಲ ಅಂತ ಹೇಳಲಾಗದು." ಆ ಸಾಲು ಓದಿದ ಡಾಕ್ಟರ್ ರೋಗಿಯನ್ನು ಮನೆಗೆ ಕಳಿಸುವುದಿಲ್ಲ.